ಗುಂಪು ಫೋಟೊದಲ್ಲಿ ಒಂದು ಮಗುವಿನ ಮುಖ ಬದಲಿಸುವ ಮುನ್ನ

ಫೆಬ್ರುವರಿ, ಮಾರ್ಚ್ ಬಂತೆಂದರೆ ಶಾಲೆಗಳಲ್ಲಿ ತರಗತಿ ಫೋಟೊಗಳ ಕಾಲ. ಅಂಗಳಕ್ಕೆ ಬೆಂಚು ತಂದು, ಎತ್ತರದವರನ್ನು ಹಿಂದೆ ನಿಲ್ಲಿಸಿ, ಶಿಕ್ಷಕರನ್ನು ನಡುವೆ ಕುರ್ಚಿಯಲ್ಲಿ ಕೂರಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ ಇಬ್ಬರ ಕೈಗೆ ಸ್ಲೇಟು ಕೊಟ್ಟು ಕ್ಲಿಕ್ ಮಾಡುತ್ತಾರೆ. ನಲವತ್ತು ಮಕ್ಕಳಿದ್ದ ಮೇಲೆ ಒಬ್ಬರಾದರೂ ಕಣ್ಣು ಮುಚ್ಚಿರುತ್ತಾರೆ, ಒಬ್ಬರು ಪಕ್ಕಕ್ಕೆ ತಿರುಗಿರುತ್ತಾರೆ, ಇನ್ನೊಬ್ಬರು ಜ್ವರ ಬಂದು ಮನೆಯಲ್ಲೇ ಉಳಿದಿರುತ್ತಾರೆ. ಹಿಂದೆ ಅದನ್ನು ಹಾಗೆಯೇ ಬಿಟ್ಟು ಅಚ್ಚು ಹಾಕಿಸುತ್ತಿದ್ದರು. ಈಗ ಮುಖ ಬದಲಿಸುವ ಸೌಲಭ್ಯ ಹಲವು ಮೊಬೈಲ್‌ಗಳಲ್ಲೇ ಇದೆ, ಇಲ್ಲದವರಿಗೆ ಉಚಿತ ಆ್ಯಪ್‌ಗಳಿವೆ. ಸಂಜೆಯೊಳಗೆ ಯಾರೋ ಒಬ್ಬರು ‘ಸರಿಪಡಿಸಿದ’ ಚಿತ್ರವನ್ನು ಪೋಷಕರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿಯೂ ಬಿಟ್ಟಿರುತ್ತಾರೆ. ಈ ಎರಡು ಹೆಜ್ಜೆಗಳ ಒಳಗೆ, ಅಂದರೆ ಮುಖ ಬದಲಿಸುವಾಗ ಮತ್ತು ಹಂಚುವಾಗ, ನಿಜವಾಗಿ ಏನು ನಡೆಯುತ್ತದೆ ಎಂಬುದನ್ನು ನೋಡೋಣ.

## ಒಂದೇ ಹೆಸರಿನ ಮೂರು ಕೆಲಸ

‘ಮುಖ ಬದಲಾವಣೆ’ ಎಂಬ ಒಂದೇ ಮಾತಿನ ಕೆಳಗೆ ಮೂರು ಬೇರೆ ಬೇರೆ ಕೆಲಸಗಳಿವೆ, ಮೂರರ ಅಪಾಯವೂ ಬೇರೆ.

ಮೊದಲನೆಯದು, ಅದೇ ಮಗುವಿನ ಮುಖವನ್ನು ಅದೇ ಮಗುವಿನ ಇನ್ನೊಂದು ಚಿತ್ರದಿಂದ ತರುವುದು. ಕಣ್ಣು ಮುಚ್ಚಿದ ಚಿತ್ರಕ್ಕೆ ಎರಡು ಸೆಕೆಂಡಿನ ನಂತರ ತೆಗೆದ, ಕಣ್ಣು ತೆರೆದ ಚಿತ್ರದ ಮುಖವನ್ನು ಜೋಡಿಸಿದ ಹಾಗೆ. 2023ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 8 ಮೊಬೈಲ್‌ನಲ್ಲಿ ‘ಬೆಸ್ಟ್ ಟೇಕ್’ ಎಂಬ ಹೆಸರಿನಲ್ಲಿ ತಂದದ್ದು ಇದನ್ನೇ. ಒಂದರ ಹಿಂದೆ ಒಂದರಂತೆ ತೆಗೆದ ಹಲವು ಚಿತ್ರಗಳಿಂದ ಪ್ರತಿಯೊಬ್ಬರ ಒಳ್ಳೆಯ ಮುಖಭಾವವನ್ನು ಆರಿಸಿ ಒಂದೇ ಚಿತ್ರದಲ್ಲಿ ಕೂರಿಸುತ್ತದೆ. ಇಲ್ಲಿ ಹೊಸ ಮುಖ ಹುಟ್ಟುವುದಿಲ್ಲ.

ಎರಡನೆಯದು, ಅಂದು ಅಲ್ಲಿ ಇಲ್ಲದಿದ್ದ ಮಗುವನ್ನು ಸೇರಿಸುವುದು. ಮೂರನೆಯದು, ಒಬ್ಬರ ಮುಖವನ್ನು ಇನ್ನೊಬ್ಬರ ದೇಹದ ಮೇಲೆ ಇಡುವುದು. ಮಗುವಿನ ಮುಖವನ್ನು ಸಿನಿಮಾ ನಾಯಕನಿಗೋ ಕೃಷ್ಣನ ವೇಷಕ್ಕೋ ಅಂಟಿಸುವ ತಮಾಷೆಯ ಆ್ಯಪ್‌ಗಳೆಲ್ಲ ಈ ಮೂರನೆಯ ಬಗೆಯವು. ಮೊದಲನೆಯದರಲ್ಲಿ ಚಿತ್ರ ತಿದ್ದುತ್ತೇವೆ, ಉಳಿದೆರಡರಲ್ಲಿ ನಡೆಯದಿದ್ದದ್ದನ್ನು ನಡೆದಂತೆ ತೋರಿಸುತ್ತೇವೆ. ಬಟನ್ ಒತ್ತುವ ಮುಂಚೆ ತಾನು ಮಾಡಹೊರಟಿರುವುದು ಇವುಗಳಲ್ಲಿ ಯಾವುದು ಎಂದು ಕೇಳಿಕೊಂಡರೆ ಮುಂದಿನ ಗೊಂದಲ ಅರ್ಧ ಕಡಿಮೆಯಾಗುತ್ತದೆ.

## ಆ್ಯಪ್ ಒಳಗೆ ನಡೆಯುವುದೇನು

ಮುಖ ಬದಲಿಸುವ ತಂತ್ರಾಂಶ ಮೊದಲು ಚಿತ್ರದಲ್ಲಿ ಎಲ್ಲೆಲ್ಲಿ ಮುಖಗಳಿವೆ ಎಂದು ಹುಡುಕುತ್ತದೆ. ಗಮನಿಸಿ, ನಿಮಗೆ ಬೇಕಾದ ಒಂದು ಮುಖವನ್ನಲ್ಲ, ಚಿತ್ರದಲ್ಲಿರುವ ಎಲ್ಲ ಮುಖಗಳನ್ನೂ ಹುಡುಕುತ್ತದೆ. ಪ್ರತಿ ಮುಖದಲ್ಲಿ ಕಣ್ಣಿನ ಅಂಚು, ಮೂಗಿನ ತುದಿ, ಬಾಯಿಯ ಮೂಲೆಗಳನ್ನು ಗುರುತು ಹಾಕಿಕೊಂಡು, ಓರೆಯಾಗಿರುವ ಮುಖವನ್ನು ನೇರವಾಗಿಸಿಕೊಳ್ಳುತ್ತದೆ.

ಆಮೇಲೆ ಹೊಸದಾಗಿ ಕೂರಿಸಬೇಕಾದ ಮುಖವನ್ನು ಸಂಖ್ಯೆಗಳ ಒಂದು ಸಾಲಾಗಿ ಪರಿವರ್ತಿಸುತ್ತದೆ. ಹೆಚ್ಚು ಬಳಕೆಯಲ್ಲಿರುವ ಒಂದು ಪದ್ಧತಿಯಲ್ಲಿ ಈ ಸಾಲಿನಲ್ಲಿ 512 ಸಂಖ್ಯೆಗಳಿರುತ್ತವೆ. ಬೆಳಕು, ನಗು, ಕೂದಲು ಇವನ್ನೆಲ್ಲ ಬದಿಗಿಟ್ಟು ‘ಇದು ಇಂಥವರ ಮುಖ’ ಎನ್ನಲು ಬೇಕಾದ ಲಕ್ಷಣಗಳಷ್ಟೇ ಆ ಸಾಲಿನಲ್ಲಿ ಉಳಿಯುತ್ತವೆ. ಮುಖ ನೋಡಿ ಆಸಾಮಿಯನ್ನು ಗುರುತಿಸುವ ತಂತ್ರಾಂಶಗಳು ಬಳಸುವುದೂ ಇಂಥದ್ದೇ ಸಾಲನ್ನು. ಹೀಗಾಗಿ ತಮಾಷೆಗೆಂದು ಮಾಡಿದ ಕೆಲಸದ ನಡುವೆ ಮಗುವನ್ನು ಗುರುತು ಹಿಡಿಯಲು ಸಾಕಾಗುವ ಅಳತೆಪಟ್ಟಿಯೊಂದು ತಯಾರಾಗಿರುತ್ತದೆ. ಅದು ನಿಮ್ಮ ಮೊಬೈಲ್‌ನಲ್ಲೇ ತಯಾರಾಗಿ ಅಳಿಸಿಹೋಗುತ್ತದೆಯೋ ಎಲ್ಲೋ ದೂರದ ಕಂಪ್ಯೂಟರ್‌ನಲ್ಲಿ ಉಳಿಯುತ್ತದೆಯೋ ಎಂಬುದು ಆ್ಯಪ್ ಅನ್ನು ಅವಲಂಬಿಸಿದೆ.

ಮೂರನೆಯ ಹಂತದಲ್ಲಿ ಆ ಲಕ್ಷಣಗಳನ್ನು ಇಟ್ಟುಕೊಂಡು ಹೊಸ ಮುಖವೊಂದನ್ನು ಬರೆದು, ಹಳೆಯ ಮುಖ ಇದ್ದ ಜಾಗಕ್ಕೆ ಅಂಟಿಸಿ ಅಂಚುಗಳನ್ನು ಹೊಂದಿಸುತ್ತದೆ. 2017ರ ಸುಮಾರಿಗೆ ಈ ಬಗೆಯ ತಂತ್ರ ಮೊದಲು ಸುದ್ದಿಯಾದಾಗ ಒಬ್ಬರ ನೂರಾರು ಚಿತ್ರಗಳು ಬೇಕಾಗುತ್ತಿದ್ದವು. ಅದರಿಂದಾಗಿ ಅದು ಹೆಚ್ಚಾಗಿ ಸಿನಿಮಾ ತಾರೆಯರ, ರಾಜಕಾರಣಿಗಳ ತಲೆನೋವಾಗಿತ್ತು. ಈಗ ಒಂದು ಚಿತ್ರ ಸಾಕು. ಶಾಲೆಯ ಗುಂಪು ಫೋಟೊ ಒಮ್ಮೆಗೇ ನಲವತ್ತು ಮಕ್ಕಳ ಅಂಥ ‘ಒಂದು ಚಿತ್ರ’ವನ್ನು ಕೊಡುತ್ತದೆ, ಅದೂ ಎಲ್ಲರೂ ಕ್ಯಾಮೆರಾವನ್ನೇ ನೇರವಾಗಿ ನೋಡುತ್ತಿರುವಾಗ.

## ಮಕ್ಕಳ ಮುಖ ಏಕೆ ಕೆಡುತ್ತದೆ

ಎರಡನೇ ತರಗತಿಯ 42 ಮಕ್ಕಳ ಫೋಟೊ ಎಂದುಕೊಳ್ಳಿ. ಮೊಬೈಲ್‌ನಲ್ಲಿ ತೆಗೆದ 12 ಮೆಗಾಪಿಕ್ಸೆಲ್ ಚಿತ್ರದ ಅಗಲ ಸುಮಾರು 4,000 ಪಿಕ್ಸೆಲ್, ಅಂದರೆ ಚುಕ್ಕಿ. ಒಂದು ಸಾಲಿನಲ್ಲಿ 14 ಮಕ್ಕಳಿದ್ದರೆ, ಎರಡು ಬದಿಯ ಖಾಲಿ ಜಾಗ ಕಳೆದು ಒಬ್ಬರಿಗೆ 250 ಚುಕ್ಕಿಯಷ್ಟು ಅಗಲ ಸಿಗುತ್ತದೆ. ಭುಜ ಬಿಟ್ಟು ಬರೀ ಮುಖ ಎಂದರೆ ನೂರರ ಆಸುಪಾಸು. ಅದನ್ನು ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಗುಣಮಟ್ಟದಲ್ಲಿ ಕಳಿಸಿದರೆ ಚಿತ್ರ ಕುಗ್ಗಿ ಮುಖ 40 ಚುಕ್ಕಿಗೆ ಇಳಿಯುತ್ತದೆ. ಗುಂಪಿನಲ್ಲಿ ಬಂದ ಈ ಕುಗ್ಗಿದ ಪ್ರತಿಯನ್ನೇ ಎತ್ತಿಕೊಂಡು ಪೋಷಕರೊಬ್ಬರು ಆ್ಯಪ್‌ಗೆ ಹಾಕುತ್ತಾರೆ.

ನಲವತ್ತು ಚುಕ್ಕಿ ಅಗಲದ ಮುಖದಲ್ಲಿ ಒಂದು ಕಣ್ಣಿಗೆ ಸಿಗುವುದು ಎಂಟು ಹತ್ತು ಚುಕ್ಕಿ. ರೆಪ್ಪೆ, ಹಲ್ಲು, ಹುಬ್ಬಿನ ಎಳೆ ಯಾವುದೂ ಅದರಲ್ಲಿ ಇಲ್ಲ. ಆದರೂ ಹೊರಬರುವ ಚಿತ್ರದಲ್ಲಿ ಅವೆಲ್ಲ ಚೊಕ್ಕವಾಗಿ ಕಾಣುತ್ತವೆ. ಏಕೆಂದರೆ ಕೊನೆಯಲ್ಲಿ ‘ಮುಖ ಸ್ಪಷ್ಟಗೊಳಿಸುವ’ ಇನ್ನೊಂದು ತಂತ್ರಾಂಶ ಕೆಲಸ ಮಾಡಿರುತ್ತದೆ. ಅದು ಇಲ್ಲದ ವಿವರವನ್ನು ತಾನು ಕಲಿತ ಸಾವಿರಾರು ಮುಖಗಳ ಆಧಾರದ ಮೇಲೆ ಊಹಿಸಿ ಬರೆಯುತ್ತದೆ. ಹಾಗೆ ಕಲಿಸಲು ಬಳಸಿದ ಚಿತ್ರಸಂಗ್ರಹಗಳಲ್ಲಿ ದೊಡ್ಡವರ ಮುಖಗಳೇ ಹೆಚ್ಚು.

ಇದರ ಪರಿಣಾಮ ಕಾಣುವುದು ಬಾಯಿಯಲ್ಲಿ. ಏಳು ವರ್ಷದ ಮಗುವಿಗೆ ಮುಂದಿನ ಎರಡು ಹಲ್ಲು ಬಿದ್ದು ಕಿಂಡಿಯಾಗಿರುತ್ತದೆ; ತಿದ್ದಿದ ಚಿತ್ರದಲ್ಲಿ ಸಾಲಾಗಿ ಅಚ್ಚುಕಟ್ಟಾದ ಹಲ್ಲುಗಳು ಬಂದಿರುತ್ತವೆ. ಗುಂಡುಗೆನ್ನೆ ಇಳಿದು ದವಡೆ ಚೂಪಾಗಿರುತ್ತದೆ, ಮಗು ನಾಲ್ಕು ವರ್ಷ ದೊಡ್ಡದಾದಂತೆ ತೋರುತ್ತದೆ. ಹಣೆಯ ಕುಂಕುಮ ಅಥವಾ ವಿಭೂತಿ ಮಸುಕಾಗಿರುತ್ತದೆ, ಕೆನ್ನೆಯ ದೃಷ್ಟಿಬೊಟ್ಟು ಮಾಯವಾಗಿರುತ್ತದೆ. ಕನ್ನಡಕದ ಒಂದು ಕಡ್ಡಿ ಕಿವಿಯ ಹತ್ತಿರ ತುಂಡಾಗಿರುತ್ತದೆ. ಗಾಯದ ಕಲೆ, ಮಚ್ಚೆ ಹೋಗಿರುತ್ತವೆ. ‘ಚೆನ್ನಾಗಿದೆ’ ಎಂದು ನೆಂಟರು ಹೇಳಬಹುದು, ಆದರೆ ಮಗು ನೋಡಿ ‘ಇದು ನಾನಲ್ಲ’ ಎನ್ನುತ್ತದೆ. ಅದು ಹೇಳುವುದೇ ಸರಿ.

ಇನ್ನೊಂದು ಎಡವಟ್ಟು ಗುಂಪು ಫೋಟೊಗಷ್ಟೇ ಸೇರಿದ್ದು. ಹಲವು ತಂತ್ರಾಂಶಗಳು ಕಂಡ ಮುಖಗಳಿಗೆ ತಾವೇ ಕ್ರಮಸಂಖ್ಯೆ ಕೊಟ್ಟುಕೊಳ್ಳುತ್ತವೆ. ಎಡದಿಂದ ಬಲಕ್ಕೆ ಎಣಿಸುವುದೂ ಉಂಟು, ದೊಡ್ಡ ಮುಖದಿಂದ ಚಿಕ್ಕದಕ್ಕೆ ಎಣಿಸುವುದೂ ಉಂಟು. ಮೂರು ಸಾಲುಗಳಿದ್ದಾಗ ನೀವು ಎಣಿಸುವ ‘ಎರಡನೇ ಸಾಲಿನ ಐದನೆಯವಳು’ ಅದರ ಲೆಕ್ಕದಲ್ಲಿ ಹತ್ತೊಂಬತ್ತನೆಯ ಮುಖವೋ ಇಪ್ಪತ್ತನೆಯದೋ ಆಗಿರಬಹುದು. ಒಂದು ಅಂಕಿ ತಪ್ಪಿದರೆ ಪಕ್ಕದ ಮಗುವಿನ ಮುಖ ಬದಲಾಗುತ್ತದೆ. ಸ್ಪಷ್ಟಗೊಳಿಸುವ ಹಂತವಂತೂ ಕೆಲವೊಮ್ಮೆ ಕೇಳದೆಯೇ ಎಲ್ಲ ಮುಖಗಳ ಮೇಲೂ ಓಡಿಬಿಡುತ್ತದೆ. ಒಬ್ಬಳ ಕಣ್ಣು ತೆರೆಸಲು ಹೋಗಿ 42 ಮಕ್ಕಳ ಹಲ್ಲು ಹೊಸದಾಗಿ ಬರೆದಂತಾಗುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ.

## ಈ ಫೋಟೊ ಯಾರದು

ಫೋಟೊ ತೆಗೆದವರು ಛಾಯಾಗ್ರಾಹಕರು, ತೆಗೆಸಿದ್ದು ಶಾಲೆ, ದುಡ್ಡು ಕೊಟ್ಟವರು ಪೋಷಕರು. ಆದರೆ ಅದರಲ್ಲಿರುವ ಒಂದೊಂದು ಮುಖವೂ ಒಂದೊಂದು ಮಗುವಿನದು. ಜಂಟಿ ಪಹಣಿಯ ಜಮೀನಿನ ಹಾಗೆ ಇದು: ಹತ್ತು ಹೆಸರಿರುವ ಪಹಣಿಯಲ್ಲಿ ನಿಮ್ಮದೂ ಒಂದು ಹೆಸರಿದೆ ಎಂದ ಮಾತ್ರಕ್ಕೆ ಇಡೀ ಜಮೀನನ್ನು ನೀವೊಬ್ಬರೇ ಪರಭಾರೆ ಮಾಡಲಾಗದು. ನಿಮ್ಮ ಮಗು ಇದೆ ಎಂಬ ಕಾರಣಕ್ಕೆ ಪೂರ್ತಿ ಫೋಟೊವನ್ನು ಆ್ಯಪ್‌ಗೆ ಏರಿಸಿದರೆ ಉಳಿದ 41 ಮಕ್ಕಳ ಪರವಾಗಿಯೂ ನೀವೇ ರುಜು ಹಾಕಿದಂತೆ.

ಕಾನೂನು ಏನು ಹೇಳುತ್ತದೆ? ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದದ್ದು 2023ರಲ್ಲಿ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಾರಿಕೆಗಳು ಅಲ್ಲಿಂದ ಹದಿನೆಂಟು ತಿಂಗಳ ನಂತರ ಜಾರಿಗೆ ಬರುವಂತೆ ಗಡುವು ಕೊಡಲಾಗಿದೆ. ಈ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿಯನ್ನು ಬಳಸುವ ಸಂಸ್ಥೆ ತಂದೆ ತಾಯಿಯ ಅಥವಾ ಪೋಷಕರ ಒಪ್ಪಿಗೆ ಪಡೆಯಬೇಕು, ಆ ಒಪ್ಪಿಗೆ ನಿಜಕ್ಕೂ ಪೋಷಕರದೇ ಎಂದು ಪರಿಶೀಲಿಸಿಯೂ ಇರಬೇಕು. ಒಪ್ಪಿಗೆ ಇಂಥದ್ದೇ ಉದ್ದೇಶಕ್ಕೆ ಎಂದು ಸ್ಪಷ್ಟವಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲು ಆಗಬೇಕು. ಮಕ್ಕಳಿಗೆ ಸಂಬಂಧಿಸಿದ ಹೊಣೆಯಲ್ಲಿ ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೂ ಹೋಗಬಹುದು.

ಹಾಗಾದರೆ ಮನೆಯಲ್ಲಿ ಆಲ್ಬಂ ಮಾಡುವ ಅಮ್ಮನಿಗೂ ಇದು ಅನ್ವಯವೇ? ಇಲ್ಲ. ವ್ಯಕ್ತಿಯೊಬ್ಬರು ಸ್ವಂತಕ್ಕೆ, ಮನೆಬಳಕೆಗೆ ಮಾಡುವುದನ್ನು ಕಾಯ್ದೆ ಹೊರಗಿಟ್ಟಿದೆ. ಶಾಲೆ ಹಾಗಲ್ಲ. ತನ್ನ ಪ್ರಚಾರದ ಪುಟಕ್ಕೆ ತರಗತಿ ಫೋಟೊ ಹಾಕುವ ಸ್ಟುಡಿಯೊ ಕೂಡ ಹಾಗಲ್ಲ. ಪ್ರವೇಶ ಅರ್ಜಿಯ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ‘ಮಗುವಿನ ಚಿತ್ರಗಳನ್ನು ಶಾಲೆ ಬಳಸಬಹುದು’ ಎಂಬ ಒಂದು ಸಾಲಿಗೆ ಸಹಿ ಹಾಕಿಸಿಕೊಂಡಿರುವ ಶಾಲೆಗಳು, ಆ ಸಾಲು ಮುಖ ಬದಲಾವಣೆಗೂ ಸಾಕಾಗುತ್ತದೆ ಎಂದುಕೊಂಡಿದ್ದರೆ ಅದು ತೀರಾ ದುರ್ಬಲ ನಂಬಿಕೆ. ಫೋಟೊ ತೆಗೆಯಲು ಒಪ್ಪುವುದು, ಅದನ್ನು ತಿದ್ದಲು ಒಪ್ಪುವುದು, ಹೊರಗೆ ಹಾಕಲು ಒಪ್ಪುವುದು ಮೂರು ಬೇರೆ ಪ್ರಶ್ನೆಗಳು. ಅರ್ಜಿಯಲ್ಲಿ ಮೂರು ಬೇರೆ ಚೌಕಗಳಿದ್ದರೆ ಎಲ್ಲರಿಗೂ ಅನುಕೂಲ.

ಒಪ್ಪಿಗೆ ಕೊಡದ ಮನೆಯವರು ಕಾರಣ ಹೇಳಬೇಕಿಲ್ಲ ಎಂಬುದನ್ನೂ ನೆನಪಿಡಬೇಕು. ವಿಚ್ಛೇದನದ ವ್ಯಾಜ್ಯ ನಡೆಯುತ್ತಿದ್ದು ಮಗು ಯಾವ ಶಾಲೆಯಲ್ಲಿದೆ ಎಂಬುದನ್ನು ಒಂದು ಕಡೆಯವರು ಗುಟ್ಟಾಗಿಟ್ಟಿರಬಹುದು. ತರಗತಿಯಲ್ಲಿ ಬಾಲಮಂದಿರದಿಂದ ಬರುವ ಮಗು ಇರಬಹುದು. ಪ್ರಕರಣವೊಂದಕ್ಕೆ ಸಂಬಂಧಿಸಿದಂತೆ ರಕ್ಷಣೆಯ ಅಗತ್ಯವಿರುವ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಪ್ರಕಟಿಸಬಾರದೆಂದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹೇಳುತ್ತದೆ. ಪಕ್ಕದಲ್ಲಿ ನಿಂತಿರುವ ಮಗುವಿನ ಹಿನ್ನೆಲೆ ನಿಮ್ಮ ಮಗುವಿಗೂ ಗೊತ್ತಿರುವುದಿಲ್ಲ, ನಿಮಗೂ ಗೊತ್ತಿರುವುದಿಲ್ಲ.

## ಒಂದು ಫೋಟೊವನ್ನು ಸರಿಪಡಿಸುವ ಕ್ರಮ

ಮತ್ತೆ ಅದೇ ಎರಡನೇ ತರಗತಿಗೆ ಬರೋಣ. ಎರಡನೇ ಸಾಲಿನ ಹುಡುಗಿಯೊಬ್ಬಳು ಕಣ್ಣು ಮುಚ್ಚಿದ್ದಾಳೆ. ತರಗತಿ ಶಿಕ್ಷಕಿ ಸರಿಪಡಿಸಬೇಕೆಂದಿದ್ದಾರೆ.

ಮೊದಲು ಮಾಡಬೇಕಾದದ್ದು ಆ್ಯಪ್ ಹುಡುಕುವುದಲ್ಲ, ಛಾಯಾಗ್ರಾಹಕರಿಗೆ ಫೋನ್ ಮಾಡುವುದು. ಅನುಭವಸ್ಥರು ಗುಂಪು ಫೋಟೊವನ್ನು ಒಂದೇ ಸಲ ತೆಗೆಯುವುದಿಲ್ಲ, ಬೆಂಚು ಕದಲಿಸುವ ಮೊದಲು ಐದಾರು ಸಲ ಕ್ಲಿಕ್ ಮಾಡಿಕೊಂಡಿರುತ್ತಾರೆ. ಅವುಗಳಲ್ಲಿ ಒಂದರಲ್ಲಾದರೂ ಅವಳ ಕಣ್ಣು ತೆರೆದಿರುತ್ತದೆ. ಅದೇ ಬಿಸಿಲು, ಅದೇ ಜಾಗ, ಅದೇ ಕೋನ. ಆ ಚೌಕವನ್ನು ಕತ್ತರಿಸಿ ಇಲ್ಲಿ ಕೂರಿಸಿ ಅಂಚನ್ನು ಮೆದುಗೊಳಿಸಿದರೆ ಮುಗಿಯಿತು. ಯಾವ ಮುಖವನ್ನೂ ಊಹಿಸಿ ಬರೆಯಬೇಕಾಗಿಲ್ಲ, ಯಾವ ಚಿತ್ರವೂ ಸ್ಟುಡಿಯೊದ ಕಂಪ್ಯೂಟರ್ ಬಿಟ್ಟು ಹೋಗಬೇಕಾಗಿಲ್ಲ. ಮನೆಯ ಫೋಟೊಗೂ ಇದೇ ಉಪಾಯ ಸಲ್ಲುತ್ತದೆ: ಒಂದರ ಬದಲು ಹತ್ತು ತೆಗೆದಿಟ್ಟುಕೊಳ್ಳಿ.

ಬೇರೆ ಕ್ಲಿಕ್ ಸಿಗಲೇ ಇಲ್ಲ, ಆ್ಯಪ್ ಬಳಸಲೇಬೇಕು ಎಂದಾದರೆ ಹುಡುಗಿಯ ಮನೆಯವರನ್ನು ಕೇಳಿ, ಅವಳ ಮುಖವಿರುವ ಚೌಕವನ್ನು ಮಾತ್ರ ಪ್ರತ್ಯೇಕ ಚಿತ್ರವಾಗಿ ಕತ್ತರಿಸಿಕೊಳ್ಳಬೇಕು. ಭುಜದ ಹತ್ತಿರ ಪಕ್ಕದವರ ಮುಖ ಅರ್ಧ ಬಂದಿದ್ದರೆ ಅದನ್ನೂ ಬಳಿದು ಮುಚ್ಚಬೇಕು. ತಿದ್ದಿದ ಚೌಕವನ್ನು ಆಮೇಲೆ ಮೂಲ ಚಿತ್ರದ ಮೇಲೆ ಅಂಟಿಸಿದರಾಯಿತು. ಈ ಒಂದು ಹೆಜ್ಜೆಯಿಂದ ಎರಡು ಲಾಭ: 41 ಮಕ್ಕಳ ಮುಖ ಆ್ಯಪ್ ಕೈಗೆ ಸಿಗುವುದಿಲ್ಲ, ತಪ್ಪು ಮಗುವಿನ ಮುಖ ಬದಲಾಗುವ ಪ್ರಶ್ನೆಯೂ ಇರುವುದಿಲ್ಲ. ಹೆಚ್ಚು ಜನ ಬಿಟ್ಟುಬಿಡುವ ಹೆಜ್ಜೆಯೂ ಇದೇ.

ಆ್ಯಪ್ ಚಿತ್ರವನ್ನು ಹೊರಗೆ ಕಳಿಸುತ್ತದೆಯೇ ಎಂದು ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ಮೊಬೈಲ್ ಅನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಆರಿಸಿ, ನಿಮ್ಮದೇ ಫೋಟೊ ಒಂದನ್ನು ಕೊಟ್ಟು ನೋಡಿ. ಕೆಲಸ ನಡೆಯದಿದ್ದರೆ ಚಿತ್ರ ಹೊರಗೆ ಹೋಗದೆ ಅದಕ್ಕೆ ಸಾಗುವುದಿಲ್ಲ ಎಂದು ಬಹುಮಟ್ಟಿಗೆ ಹೇಳಬಹುದು. ನಡೆದರೆ ಬದಲಾವಣೆ ಮೊಬೈಲ್ ಒಳಗೇ ಆಗುತ್ತಿದೆ. ಆದರೆ ಇಂಟರ್ನೆಟ್ ಮರಳಿದ ಮೇಲೆ ಕಳಿಸುವುದಿಲ್ಲ ಎಂಬುದಕ್ಕೆ ಅದು ಖಾತರಿಯಲ್ಲ. ಹಾಗೆಯೇ ಆ್ಯಪ್ ಫೋಟೊಗಳಿಗೆ ಅನುಮತಿ ಕೇಳಿದಾಗ ಇಡೀ ಗ್ಯಾಲರಿ ತೆರೆದುಕೊಡಬೇಡಿ. ಆಂಡ್ರಾಯ್ಡ್ 14ರಿಂದ ಈಚೆಗಿನ ಮೊಬೈಲ್‌ಗಳಲ್ಲೂ ಐಫೋನ್‌ಗಳಲ್ಲೂ ಆರಿಸಿದ ಚಿತ್ರಗಳಿಗಷ್ಟೇ ಅನುಮತಿ ಕೊಡುವ ಆಯ್ಕೆ ಇದೆ.

ಕೆಲಸವನ್ನು ಪ್ರತಿಯ ಮೇಲೆ ಮಾಡಿ, ಮೂಲವನ್ನು ಮುಟ್ಟಬೇಡಿ. ಮುಗಿದ ಮೇಲೆ ಎರಡನ್ನೂ ಒಂದೇ ಅಳತೆಗೆ ಹಿಗ್ಗಿಸಿ, ಒಂದರ ನಂತರ ಒಂದನ್ನು ಬೇಗ ಬೇಗ ತೆರೆದು ನೋಡಿ. ಬದಲಾದದ್ದೆಲ್ಲ ಆಗ ಮಿಣುಕುತ್ತದೆ. ಮಿಣುಕಬೇಕಾದದ್ದು ಒಂದೇ ಮುಖ. ಪಕ್ಕದ ಹುಡುಗನ ಕನ್ನಡಕ, ಭುಜದ ಮೇಲಿಟ್ಟ ಗೆಳತಿಯ ಕೈ, ಜಡೆಯ ರಿಬ್ಬನ್ ಕೂಡ ಕದಲಿದರೆ ಮತ್ತೆ ಮಾಡಬೇಕು. ಗುಂಪಿಗೆ ಹಾಕುವ ಮೊದಲು ಹುಡುಗಿಗೂ ಅವಳ ಮನೆಯವರಿಗೂ ತೋರಿಸಬೇಕು. ಅವಳು ಬೇಡ ಎಂದರೆ ಕಣ್ಣು ಮುಚ್ಚಿದ ಚಿತ್ರವೇ ಇರಲಿ.

ಅಂದು ಬಾರದ ಮಗುವಿನ ವಿಷಯ ಬೇರೆ. ಹಳೆಯ ಕಾಲೇಜು ಫೋಟೊಗಳಲ್ಲಿ ಮೂಲೆಯಲ್ಲಿ ಒಂದು ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ಒಂದಿಬ್ಬರ ಮುಖ ಇಟ್ಟು, ಕೆಳಗೆ ‘ಗೈರುಹಾಜರು’ ಎಂದು ಬರೆಯುತ್ತಿದ್ದದ್ದನ್ನು ನೋಡಿರಬಹುದು. ಅದಕ್ಕಿಂತ ಒಳ್ಳೆಯ ದಾರಿ ಇನ್ನೂ ಬಂದಿಲ್ಲ. ಮಗು ಫೋಟೊದಲ್ಲಿರುತ್ತದೆ, ಸುಳ್ಳೂ ಇರುವುದಿಲ್ಲ. ಶಾಲೆಯ ಫೋಟೊ ನೆನಪಿನ ಜೊತೆಗೆ ದಾಖಲೆಯೂ ಹೌದು. ಪ್ರವಾಸದ ಫೋಟೊಗೆ ಬಾರದ ಮಗುವನ್ನು ಸೇರಿಸಿದರೆ, ಮುಂದೊಂದು ದಿನ ಅಲ್ಲಿ ಯಾರಿದ್ದರು ಯಾರಿರಲಿಲ್ಲ ಎಂಬ ಪ್ರಶ್ನೆ ಎದ್ದಾಗ ಆ ಚಿತ್ರವೇ ತಪ್ಪು ಸಾಕ್ಷಿ ಹೇಳುತ್ತದೆ.

ತಮಾಷೆಯ ಬದಲಾವಣೆಗೆ ಇಲ್ಲಿ ಜಾಗ ತೀರಾ ಕಡಿಮೆ. ಸ್ವಂತ ಮಗುವಿನ ಮುಖವನ್ನು ವೇಷದ ಚಿತ್ರಕ್ಕೆ ಹಾಕಿ ಮನೆಯಲ್ಲಿ ನಗುವುದು ಮನೆಯವರಿಗೆ ಬಿಟ್ಟದ್ದು. ಇಬ್ಬರು ಸಹಪಾಠಿಗಳ ಮುಖವನ್ನು ಮದುವೆ ಫೋಟೊಗೆ ಅಂಟಿಸಿ ಪೋಷಕರ ಗುಂಪಿಗೆ ಹಾಕಿದರೆ, ಮರುದಿನ ತರಗತಿಯಲ್ಲಿ ಆ ಇಬ್ಬರ ಪಾಡು ಏನಾಗುತ್ತದೆ ಎಂಬುದನ್ನು ಹಾಕಿದವರು ನೋಡುವುದಿಲ್ಲ.

## ಹಂಚುವಾಗ ಮುಖದ ಜೊತೆ ಏನೇನು ಹೋಗುತ್ತದೆ

ಮುಂದಿನ ಸಾಲಿನ ಸ್ಲೇಟನ್ನು ಒಮ್ಮೆ ಓದಿ. ಶಾಲೆಯ ಹೆಸರು, ಊರು, ತರಗತಿ, ವಿಭಾಗ, ವರ್ಷ. ಫೋಟೊದ ಕೆಳಗೆ ‘ನಿಂತವರು’, ‘ಕುಳಿತವರು’, ‘ಎಡದಿಂದ ಬಲಕ್ಕೆ’ ಎಂದು ಎಲ್ಲರ ಪೂರ್ತಿ ಹೆಸರು, ತಂದೆಯ ಹೆಸರಿನ ಮೊದಲಕ್ಷರದ ಸಮೇತ. ಅಚ್ಚು ಹಾಕಿ ಗೋಡೆಗೆ ತೂಗುಹಾಕುವ ಕಾಲಕ್ಕೆ ಇದು ಒಳ್ಳೆಯ ಸಂಪ್ರದಾಯವೇ. ಅದನ್ನೇ ಸಾರ್ವಜನಿಕ ಪುಟಕ್ಕೆ ಏರಿಸಿದರೆ ಪ್ರತಿ ಮುಖಕ್ಕೂ ಹೆಸರು, ವಯಸ್ಸು, ಬೆಳಿಗ್ಗೆಯಿಂದ ಸಂಜೆವರೆಗೆ ಸಿಗುವ ವಿಳಾಸ ಮೂರನ್ನೂ ಹೊಂದಿಸಿ ಕೊಟ್ಟಂತೆ.

ಸಾರ್ವಜನಿಕವಾಗಿ ಹಾಕಿದ ಚಿತ್ರ ಅಲ್ಲೇ ನಿಲ್ಲುವುದಿಲ್ಲ ಎಂಬುದಕ್ಕೆ ದಾಖಲೆ ಇದೆ. ಚಿತ್ರ ಬರೆಯುವ ತಂತ್ರಾಂಶಗಳಿಗೆ ಕಲಿಸಲು ಅಂತರಜಾಲದಿಂದ ಬಾಚಿ ಮಾಡಿದ ಲಾಯಾನ್-5ಬಿ ಎಂಬ ಬೃಹತ್ ಸಂಗ್ರಹದಲ್ಲಿ ಬ್ರೆಜಿಲ್‌ನ 170 ಮತ್ತು ಆಸ್ಟ್ರೇಲಿಯಾದ 190 ಮಕ್ಕಳ ಚಿತ್ರಗಳು ಸೇರಿದ್ದನ್ನು ಹ್ಯೂಮನ್ ರೈಟ್ಸ್ ವಾಚ್ ಎಂಬ ಮಾನವ ಹಕ್ಕುಗಳ ಸಂಸ್ಥೆ 2024ರಲ್ಲಿ ಪತ್ತೆ ಹಚ್ಚಿತು. ಸಂಗ್ರಹದ ತೀರಾ ಚಿಕ್ಕ ಭಾಗವನ್ನಷ್ಟೇ ನೋಡಿ ಸಿಕ್ಕ ಸಂಖ್ಯೆ ಇದು. ಹಲವು ಚಿತ್ರಗಳ ಜೊತೆ ಮಗುವಿನ ಹೆಸರೂ ಇತ್ತು.

ಖಾಸಗಿ ಗುಂಪಿನಲ್ಲಿ ಹಂಚಿದರೆ ಅಪಾಯ ಕಡಿಮೆ, ಆದರೆ ಇಲ್ಲ ಎನ್ನುವಂತಿಲ್ಲ. ವಾಟ್ಸ್ಆ್ಯಪ್‌ಗೆ ಬಂದ ಚಿತ್ರ ಹಲವರ ಮೊಬೈಲ್‌ನಲ್ಲಿ ತಾನಾಗಿ ಗ್ಯಾಲರಿಗೆ ಇಳಿಯುತ್ತದೆ, ಅಲ್ಲಿಂದ ಕೆಲವರ ಕ್ಲೌಡ್ ಖಾತೆಗೂ ಏರುತ್ತದೆ. ‘ಎಲ್ಲರಿಗೂ ಅಳಿಸು’ ಒತ್ತಿದರೆ ಹರಟೆಯಿಂದ ಹೋಗುತ್ತದೆ, ಈ ಉಳಿಸಿಕೊಂಡ ಪ್ರತಿಗಳು ಉಳಿಯುತ್ತವೆ. ಆದ್ದರಿಂದ ಇಡೀ ಫೋಟೊವನ್ನು ಗುಂಪಿಗೆ ಹಾಕಿ ಆಮೇಲೆ ಯೋಚಿಸುವುದಕ್ಕಿಂತ, ಅಚ್ಚಾದ ಪ್ರತಿಯನ್ನೇ ಮನೆಗೆ ಕೊಟ್ಟುಕಳಿಸುವ ಹಳೆಯ ಕ್ರಮ ಎಷ್ಟೋ ನೆಮ್ಮದಿ.

ನಿಮ್ಮ ಮಗುವಿನ ಸಂಭ್ರಮವನ್ನು ಹೊರಗಿನವರಿಗೆ ತೋರಿಸಬೇಕೆಂದರೆ ಉಳಿದವರ ಮುಖ ಮುಚ್ಚಬಹುದು. ಮುಚ್ಚುವುದರಲ್ಲೂ ಗಟ್ಟಿ, ಟೊಳ್ಳು ಎಂದಿದೆ. ಮುಖದ ಮೇಲೆ ಮಸುಕು ಹಾಕುವುದು ಅಥವಾ ಚೌಕ ಚೌಕ ಮಾಡುವುದು ಟೊಳ್ಳು. ಹಾಗೆ ಮಸುಕಾಗಿಸಿದ ಮುಖಗಳನ್ನೂ ಯಂತ್ರಗಳಿಗೆ ಕಲಿಸಿ ಗುರುತು ಹಿಡಿಯಬಹುದೆಂದು ಸಂಶೋಧಕರು 2016ರಲ್ಲೇ ತೋರಿಸಿದ್ದಾರೆ. ಮೊಬೈಲ್‌ನ ಹೈಲೈಟರ್‌ನಿಂದ ನಾಲ್ಕು ಸಲ ಗೀಚುವುದೂ ಟೊಳ್ಳೇ. ಆ ಬಣ್ಣ ಪಾರದರ್ಶಕ, ಚಿತ್ರವನ್ನು ಬೆಳಗಿಸಿದರೆ ಕೆಳಗಿನ ಮುಖ ಎದ್ದುಬರುತ್ತದೆ. ಇಡೀ ಮುಖ ಮುಚ್ಚುವ, ಪಾರದರ್ಶಕವಲ್ಲದ ಬಣ್ಣದ ಚೌಕ ಅಥವಾ ಸ್ಟಿಕ್ಕರ್ ಗಟ್ಟಿ. ಎಲ್ಲಕ್ಕಿಂತ ಗಟ್ಟಿ ಕತ್ತರಿಸುವುದು. ಅದರಲ್ಲೂ ಒಂದು ಎಚ್ಚರ ಇದೆ: ಗೂಗಲ್ ಪಿಕ್ಸೆಲ್ ಮೊಬೈಲ್‌ಗಳಲ್ಲಿ ಕತ್ತರಿಸಿದ ಸ್ಕ್ರೀನ್‌ಶಾಟ್‌ಗಳ ಕಡತದೊಳಗೆ ಕತ್ತರಿಸಿ ತೆಗೆದ ಭಾಗವೂ ಅಡಗಿ ಉಳಿಯುತ್ತಿದ್ದ ದೋಷ 2023ರಲ್ಲಿ ಬಯಲಾಗಿತ್ತು. ಅದನ್ನು ಸರಿಪಡಿಸಿದ್ದಾರೆ, ಆದರೆ ಮೊದಲೇ ಹಂಚಿದ್ದ ಚಿತ್ರಗಳಲ್ಲಿ ಅದು ಹಾಗೇ ಇದೆ.

ಉಳಿದ ಮಕ್ಕಳ ಮುಖದ ಜಾಗಕ್ಕೆ ಕೃತಕ ಮುಖಗಳನ್ನು ಕೂರಿಸಿ ಗುರುತು ಮರೆಮಾಡುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಅದಕ್ಕಾಗಿ ಎಲ್ಲ ಮುಖಗಳನ್ನೂ ತಂತ್ರಾಂಶಕ್ಕೆ ಕೊಡಲೇಬೇಕು. ನೋಡುವವರಿಗೆ ಅವು ನಿಜವಾದ ಮಕ್ಕಳೆಂದೇ ತೋರುತ್ತವೆ. ಹಳದಿ ನಗುಮುಖದ ಸ್ಟಿಕ್ಕರ್ ಚಂದವಿಲ್ಲದಿರಬಹುದು, ಆದರೆ ಅದು ಯಾರನ್ನೂ ದಾರಿ ತಪ್ಪಿಸುವುದಿಲ್ಲ.

## ಮನೆಯ ಫೋಟೊ

ಮದುವೆ, ನಾಮಕರಣ, ಗೃಹಪ್ರವೇಶದ ಗುಂಪು ಫೋಟೊದಲ್ಲಿ ಸ್ಲೇಟು ಇರುವುದಿಲ್ಲ, ಆದರೆ ಅಣ್ಣನ ಮಗಳು, ನಾದಿನಿಯ ಮಗ, ಪಕ್ಕದ ಮನೆಯ ಮಗು ಎಲ್ಲ ಇರುತ್ತಾರೆ. ‘ನಮ್ಮವರೇ ತಾನೇ’ ಎಂಬ ಸಲಿಗೆಯಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಅಕ್ಕ ತಂಗಿಯರು, ಅವಳಿಗಳು ಒಂದೇ ಫೋಟೊದಲ್ಲಿದ್ದಾಗ ಮುಖ ಗುರುತಿಸುವ ತಂತ್ರಾಂಶಗಳು ಹೆಚ್ಚು ತಪ್ಪುತ್ತವೆ. ಮಕ್ಕಳ ಮುಖದಲ್ಲಿ ಈ ತಪ್ಪು ದೊಡ್ಡವರಿಗಿಂತ ಜಾಸ್ತಿ. ತಂಗಿಯ ಕಣ್ಣು ತೆರೆಸಲು ಹೋಗಿ ಅಕ್ಕನ ಮುಖವೇ ಎರಡು ಕಡೆ ಕೂರುವುದು ಇದರಿಂದಲೇ. ಮದುವೆ ಮನೆಯ ಗದ್ದಲದಲ್ಲಿ ಒಪ್ಪಿಗೆ ಪತ್ರ ಯಾರೂ ಬರೆಸುವುದಿಲ್ಲ. ‘ಅತ್ತಿಗೆ, ಪುಟ್ಟಿಯ ಫೋಟೊ ಸ್ಟೇಟಸ್‌ಗೆ ಹಾಕಲೇ?’ ಎಂಬ ಒಂದು ಸಂದೇಶ ಸಾಕು. ಪುಟ್ಟಿಗೆ ಮಾತು ಬರುವ ವಯಸ್ಸಾಗಿದ್ದರೆ ಅವಳನ್ನೂ ಕೇಳಬಹುದು.

## ಚಿತ್ರ ಕೆಟ್ಟ ಕೈ ಸೇರಿದರೆ

ಸ್ಪೇನ್‌ನ ಅಲ್ಮೆಂದ್ರಲೇಹೊ ಎಂಬ ಊರಿನಲ್ಲಿ 2023ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರ ಸಾಮಾನ್ಯ ಚಿತ್ರಗಳನ್ನು ಸಾಮಾಜಿಕ ಜಾಲತಾಣದಿಂದ ತೆಗೆದುಕೊಂಡು, ಆ್ಯಪ್ ಮೂಲಕ ಬೆತ್ತಲೆ ಚಿತ್ರಗಳನ್ನಾಗಿ ಮಾಡಿ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿಬಿಡಲಾಯಿತು. ಮಾಡಿದವರು ಹೊರಗಿನವರಲ್ಲ, ಅದೇ ಊರಿನ ಹುಡುಗರು. 2024ರ ಜುಲೈನಲ್ಲಿ ಬಾಲನ್ಯಾಯಾಲಯ 15 ಮಂದಿ ಅಪ್ರಾಪ್ತರಿಗೆ ಒಂದು ವರ್ಷದ ನಿಗಾವಣೆಯ ಶಿಕ್ಷೆ ವಿಧಿಸಿತು.

ನಮ್ಮಲ್ಲಿ ‘ಮೈ ಮಗುವಿನದಲ್ಲ, ಮುಖ ಮಾತ್ರ’ ಎಂಬ ವಾದ ನಡೆಯುವುದಿಲ್ಲ. 2019ರಲ್ಲಿ ಪೋಕ್ಸೊ ಕಾಯ್ದೆಗೆ ತಂದ ತಿದ್ದುಪಡಿ, ಕಂಪ್ಯೂಟರ್ ಸೃಷ್ಟಿಸಿದ, ನಿಜವಾದ ಮಗುವಿನಿಂದ ಬೇರ್ಪಡಿಸಿ ನೋಡಲಾಗದಂಥ ಚಿತ್ರವನ್ನೂ, ತಿದ್ದಿ ಮಗುವಿನಂತೆ ಕಾಣಿಸಿದ ಚಿತ್ರವನ್ನೂ ಮಕ್ಕಳ ಅಶ್ಲೀಲ ಚಿತ್ರದ ವ್ಯಾಖ್ಯೆಯೊಳಗೆ ತಂದಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಪ್ರಕಾರ ಇಂಥ ಚಿತ್ರವನ್ನು ಪ್ರಕಟಿಸುವುದು, ಕಳಿಸುವುದು ಮೊದಲ ಸಲಕ್ಕೇ ಐದು ವರ್ಷದವರೆಗಿನ ಜೈಲಿಗೆ ದಾರಿ. ಇದರಿಂದಲೇ, ಗಾಬರಿಗೊಂಡ ಪೋಷಕರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸವನ್ನು ಮಾಡಬಾರದು. ‘ನೋಡಿ ಹೀಗೆ ಬಂದಿದೆ’ ಎಂದು ಮುಖ್ಯೋಪಾಧ್ಯಾಯರಿಗಾಗಲಿ ಇತರ ಪೋಷಕರಿಗಾಗಲಿ ಆ ಚಿತ್ರವನ್ನು ಮುಂದೆ ಕಳಿಸಬಾರದು. ಬಂದದ್ದು ಯಾವ ಸಂಖ್ಯೆ ಅಥವಾ ಖಾತೆಯಿಂದ, ಎಷ್ಟು ಹೊತ್ತಿಗೆ, ಯಾವ ಗುಂಪಿಗೆ, ಕೊಂಡಿ ಯಾವುದು ಎಂಬುದನ್ನು ಬರೆದಿಟ್ಟುಕೊಂಡು, ಮೊಬೈಲ್ ಸಮೇತ ಹತ್ತಿರದ ಠಾಣೆಗೆ ಹೋಗಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. cybercrime.gov.in ತಾಣದಲ್ಲಿ ಮಕ್ಕಳ ವಿರುದ್ಧದ ಇಂಥ ಅಪರಾಧವನ್ನು ಹೆಸರು ಹೇಳದೆಯೂ ವರದಿ ಮಾಡಲು ಅವಕಾಶವಿದೆ. ವಿಷಯ ತಿಳಿದ ಶಾಲೆಗೂ ಪೊಲೀಸರಿಗೆ ತಿಳಿಸುವ ಹೊಣೆ ಇದೆ, ‘ನಮ್ಮೊಳಗೇ ಬಗೆಹರಿಸಿಕೊಳ್ಳೋಣ’ ಎನ್ನುವಂತಿಲ್ಲ.

ಚಿತ್ರ ಹರಡುವುದನ್ನು ತಡೆಯಲು takeitdown.ncmec.org ಎಂಬ ಉಚಿತ ಸೇವೆ ಇದೆ. 18 ತುಂಬುವ ಮೊದಲಿನ ನಗ್ನ ಅಥವಾ ಲೈಂಗಿಕ ಚಿತ್ರಗಳಿಗಾಗಿ ಇರುವ ಸೇವೆ ಇದು. ಚಿತ್ರವನ್ನು ಅದಕ್ಕೆ ಕಳಿಸಬೇಕಾಗಿಲ್ಲ. ನಿಮ್ಮ ಸಾಧನದಲ್ಲೇ ಚಿತ್ರದಿಂದ ಒಂದು ಸಂಕೇತ ತಯಾರಾಗಿ, ಅದಷ್ಟೇ ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಂಥ ಪಾಲ್ಗೊಂಡಿರುವ ತಾಣಗಳಿಗೆ ತಲುಪುತ್ತದೆ. ಅದಕ್ಕೆ ಹೊಂದುವ ಚಿತ್ರ ಕಂಡಾಗ ಅವು ತೆಗೆದುಹಾಕಬಹುದು. ಗೂಢಲಿಪಿಯಲ್ಲಿ ಸಾಗುವ ಖಾಸಗಿ ಹರಟೆಗಳೊಳಗೆ ಈ ಸಂಕೇತ ಕೆಲಸ ಮಾಡುವುದಿಲ್ಲ. ಅದೇ ಮುಖದಿಂದ ಮಾಡಿದ ಎರಡನೆಯ ಚಿತ್ರವಿದ್ದರೆ ಅದಕ್ಕೆ ಬೇರೆಯದೇ ಸಂಕೇತ ಬೇಕು. ಹಾಗಾಗಿ ಗೊತ್ತಿರುವ ಪ್ರತಿಯೊಂದು ಚಿತ್ರವನ್ನೂ ಬೇರೆ ಬೇರೆಯಾಗಿ ನಮೂದಿಸಬೇಕಾಗುತ್ತದೆ.